ಬಿಸಿ ಕಾಯುವುದು ಸ್ಟೀಲ್ ಅಲ್ಲ

ಪಾತ್ರೆ ಅಂಗಡಿಗೆ ಹೋಗಿ ನೀರಿನ ಬಾಟಲಿ ಕೇಳಿದರೆ ಈಗ ಸಿಗುವ ಸಲಹೆ ಒಂದೇ. "ಪ್ಲಾಸ್ಟಿಕ್ ಬೇಡ, ಸ್ಟೀಲ್ ತಗೊಳ್ಳಿ. ಬಿಸಿ ಹಾಕಿದ್ರೆ ಬಿಸಿಯಾಗೇ ಇರುತ್ತೆ, ತಣ್ಣಗಿದ್ದದ್ದು ತಣ್ಣಗೇ ಇರುತ್ತೆ." ಮಾರುವವರು ಮಾತ್ರ ಹೀಗೆ ಹೇಳುವುದಲ್ಲ. ಶಾಲೆಯ ಪೋಷಕರ ಸಭೆಯಲ್ಲಿ, ಕಚೇರಿಯ ಊಟದ ಹೊತ್ತಿನಲ್ಲಿ, ಬೆಳಗಿನ ವಾಕಿಂಗ್ ಗುಂಪಿನಲ್ಲಿ ಕೂಡ ಇದೇ ಮಾತು ಓಡಾಡುತ್ತಿದೆ. ಸ್ಟೀಲ್ ಎಂದರೆ ಶಾಖ ಕಾಯುವ ಲೋಹ, ಪ್ಲಾಸ್ಟಿಕ್ ಎಂದರೆ ಶಾಖ ಬಿಟ್ಟುಕೊಡುವ ವಸ್ತು ಎಂಬುದು ಚರ್ಚೆಯೇ ಬೇಡದ ಸತ್ಯವಾಗಿ ಊರೂರಲ್ಲಿ ನೆಲೆಸಿಬಿಟ್ಟಿದೆ.

ಇದು ತಪ್ಪು, ಮತ್ತು ಈ ತಪ್ಪಿಗೆ ಜನ ದಿನವೂ ದಂಡ ತೆರುತ್ತಿದ್ದಾರೆ. ಬಿಸಿ ನೀರಿಗೆಂದು ಒಂದೇ ಪದರದ ಸ್ಟೀಲ್ ಬಾಟಲಿ ಕೊಂಡು ಎರಡು ಗಂಟೆಯಲ್ಲಿ ಉಗುರು ಬೆಚ್ಚಗಿನ ನೀರು ಕುಡಿಯುತ್ತಾರೆ. ಒಳಗಿನ ನಿರ್ವಾತ ಹೋಗಿ ಸತ್ತ ಬಾಟಲಿಯನ್ನು "ಸ್ಟೀಲ್ ಗಟ್ಟಿಯಾಗಿದೆಯಲ್ಲ" ಎಂದು ವರ್ಷಗಟ್ಟಲೆ ಹೊರುತ್ತಾರೆ. ಪ್ಲಾಸ್ಟಿಕ್ ಸಾಕಾಗುವ ಕಡೆ ಮಕ್ಕಳ ಬೆನ್ನಿಗೆ ಭಾರ ಏರಿಸುತ್ತಾರೆ. ನನ್ನ ವಾದ ಇಷ್ಟು: ಬಿಸಿಯನ್ನಾಗಲಿ ತಂಪನ್ನಾಗಲಿ ಕಾಯುವುದು ಸ್ಟೀಲ್ ಅಲ್ಲ, ಎರಡು ಗೋಡೆಗಳ ನಡುವೆ ಗಾಳಿಯೇ ಇಲ್ಲದ ಆ ಸಂದು. ಸ್ಟೀಲ್ ಆ ಸಂದನ್ನು ಹಿಡಿದಿಡುವ ಚೌಕಟ್ಟು ಮಾತ್ರ. ಶಾಖದ ದೃಷ್ಟಿಯಿಂದ ನೋಡಿದರೆ ಇಡೀ ಬಾಟಲಿಯ ದುರ್ಬಲ ಭಾಗವೂ ಅದೇ.

ಮೊದಲು ಲೋಹವನ್ನೇ ತೂಗಿ ನೋಡೋಣ. ಶಾಖವನ್ನು ತನ್ನ ಮೂಲಕ ಹಾಯಲು ಬಿಡುವುದರಲ್ಲಿ ಸ್ಟೇನ್‌ಲೆಸ್ ಸ್ಟೀಲ್, ಬಾಟಲಿಗೆ ಬಳಸುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ಗಿಂತ ಸುಮಾರು ಎಂಬತ್ತು ಪಟ್ಟು ಉದಾರಿ. ತಾಮ್ರ, ಅಲ್ಯೂಮಿನಿಯಮ್‌ಗಳ ಮುಂದೆ ಸ್ಟೀಲ್ ಕಳಪೆ ವಾಹಕ ಎಂಬುದು ನಿಜ. ಆದರೆ ಪ್ಲಾಸ್ಟಿಕ್ ಎದುರು ಅದು ಬಾಗಿಲು ತೆರೆದ ಮನೆ. ಒಂದೇ ಪದರದ ಸ್ಟೀಲ್ ಬಾಟಲಿಗೆ ಕುದಿಯುವ ನೀರು ಸುರಿದು ಕೈಗೆತ್ತಿಕೊಂಡರೆ ಅಂಗೈ ಸುಡುತ್ತದೆ. "ನೋಡಿ, ಸ್ಟೀಲ್ ಎಷ್ಟು ಬಿಸಿ ಹಿಡಿದುಕೊಂಡಿದೆ" ಎಂದು ಜನ ಅದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಆ ಸುಡುವಿಕೆಯ ಅರ್ಥ ಇದಕ್ಕೆ ನೇರ ವಿರುದ್ಧ. ಕೈಗೆ ತಾಗುತ್ತಿರುವುದು ನೀರಿನಿಂದ ಹೊರಗೆ ಹೋಗುತ್ತಿರುವ ಶಾಖ. ನಿಜವಾಗಿ ಕಾಯುತ್ತಿರುವ ಬಾಟಲಿಯ ಹೊರಮೈಗೆ ಒಳಗೇನಿದೆ ಎಂಬುದೇ ತಿಳಿದಿರುವುದಿಲ್ಲ.

ಹಾಗೆಂದು ಒಂದೇ ಪದರದ ಸ್ಟೀಲ್ ಬಾಟಲಿ ಪ್ಲಾಸ್ಟಿಕ್‌ಗಿಂತ ಎಂಬತ್ತು ಪಟ್ಟು ಬೇಗ ಆರುತ್ತದೆ ಎಂದುಕೊಂಡರೆ ಅದೂ ತಪ್ಪೇ. ಶಾಖ ಹೊರಬೀಳಲು ಗೋಡೆಯನ್ನು ದಾಟಿದರೆ ಸಾಲದು, ಬಾಟಲಿಗೆ ಅಂಟಿಕೊಂಡಂತಿರುವ ತೆಳು ಗಾಳಿಯ ಪದರವನ್ನೂ ದಾಟಬೇಕು. ಅರ್ಧ ಮಿಲಿಮೀಟರ್ ಸ್ಟೀಲ್ ಗೋಡೆ ಶಾಖಕ್ಕೆ ಒಡ್ಡುವ ತಡೆಯನ್ನು 1 ಎಂದಿಟ್ಟುಕೊಂಡರೆ, ಒಂದೂವರೆ ಮಿಲಿಮೀಟರ್ ಪ್ಲಾಸ್ಟಿಕ್ ಗೋಡೆಯ ತಡೆ ಸುಮಾರು 240. ಹೊರಗಿನ ಆ ಗಾಳಿ ಪದರದ ತಡೆ 3000ಕ್ಕೂ ಹೆಚ್ಚು. ಲೆಕ್ಕ ಸ್ಪಷ್ಟ: ಒಂದೇ ಪದರದ ಬಾಟಲಿಯಲ್ಲಿ ಗೋಡೆ ಯಾವ ವಸ್ತುವಿನದು ಎಂಬುದು ಶೇಕಡಾ ಏಳೆಂಟರಷ್ಟು ವ್ಯತ್ಯಾಸದ ಮಾತು. ಉಳಿದೆಲ್ಲವನ್ನೂ ಹೊರಗಿನ ಗಾಳಿ ತೀರ್ಮಾನಿಸುತ್ತದೆ.

"ಆದರೆ ನಮ್ಮ ಹೊಳೆಯುವ ಸ್ಟೀಲ್ ಬಾಟಲಿಯಲ್ಲಿ ನೀರು ಸ್ವಲ್ಪ ಹೆಚ್ಚು ಹೊತ್ತು ತಣ್ಣಗಿತ್ತು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಬಣ್ಣ ಬಳಿಯದ, ಹೊಳಪಿನ ಲೋಹ ವಿಕಿರಣದ ರೂಪದಲ್ಲಿ ಶಾಖವನ್ನು ಕಡಿಮೆ ಹೊರಸೂಸುತ್ತದೆ, ಕಡಿಮೆ ಹೀರುತ್ತದೆ. ನೆರಳಿನಲ್ಲಿ, ಗಾಳಿ ಇಲ್ಲದ ಕಡೆ ಅದರಿಂದ ಮೂರು ನಾಲ್ಕು ಡಿಗ್ರಿ ಲಾಭ ಸಿಗಬಹುದು. ಆದರೆ ಆ ಕೆಲಸ ಮಾಡಿದ್ದು ಮೇಲಿನ ಹೊಳಪೇ ಹೊರತು ಲೋಹದ ಗಟ್ಟಿತನವಲ್ಲ. ಅದೇ ಬಾಟಲಿಗೆ ನೀಲಿಯೋ ಕಪ್ಪೋ ಬಣ್ಣ ಹಚ್ಚಿದ ಕೂಡಲೇ ಆ ಲಾಭ ಹೋಗುತ್ತದೆ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು "ಅಂಟಲಿಲ್ಲ, ಅಸಲಿ ಸ್ಟೀಲ್" ಎಂದು ತೃಪ್ತಿಪಡುವುದಕ್ಕೂ ಬಿಸಿ ಕಾಯುವುದಕ್ಕೂ ಸಂಬಂಧವೇ ಇಲ್ಲ. ಕಡಿಮೆ ನಿಕಲ್ ಇರುವ ಅಗ್ಗದ ಸ್ಟೇನ್‌ಲೆಸ್ ಸ್ಟೀಲ್‌ಗೂ ಅಯಸ್ಕಾಂತ ಅಂಟದಿರಬಹುದು. ಒಳ್ಳೆಯ 304 ದರ್ಜೆಯ ಸ್ಟೀಲ್ ಕೂಡ ಎಳೆದು ಆಕಾರ ಕೊಟ್ಟ ಮೇಲೆ ಅಲ್ಲಲ್ಲಿ ಸ್ವಲ್ಪ ಅಂಟಬಹುದು.

ಈಗ ಆ ಖಾಲಿ ಸಂದಿನ ಕಡೆ ಬರೋಣ. 1892ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜೇಮ್ಸ್ ಡ್ಯೂವರ್ ಗಾಜಿನ ಎರಡು ಗೋಡೆಗಳ ಪಾತ್ರೆಯೊಂದನ್ನು ರೂಪಿಸಿದರು. ದ್ರವರೂಪಕ್ಕಿಳಿಸಿದ ಅನಿಲಗಳನ್ನು ಕೂಡಿಡುವುದು ಅವರ ಸಮಸ್ಯೆಯಾಗಿತ್ತು. ಗೋಡೆಗಳ ನಡುವಿನ ಗಾಳಿಯನ್ನು ತೆಗೆದರು, ಗೋಡೆಗೆ ಬೆಳ್ಳಿಯ ಲೇಪ ಕೊಟ್ಟರು. ಬರ್ಲಿನ್ನಿನ ಗಾಜು ಕೆಲಸಗಾರ ರೈನ್‌ಹೋಲ್ಡ್ ಬರ್ಗರ್ ಅದನ್ನು ಮನೆಬಳಕೆಗೆ ಒಗ್ಗಿಸಿದರು. 1904ರಲ್ಲಿ ಥರ್ಮಾಸ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಅಮೆರಿಕದ ವಿಲಿಯಂ ಸ್ಟಾನ್ಲಿ ಪೂರ್ತಿ ಉಕ್ಕಿನ ನಿರ್ವಾತ ಬಾಟಲಿ ತಂದದ್ದು 1913ರಲ್ಲಿ. ಅಂದರೆ ಈ ವಿದ್ಯೆ ಹುಟ್ಟಿ ಎರಡು ದಶಕ ಸ್ಟೀಲ್ ಇಲ್ಲದೆಯೇ ನಡೆಯಿತು. ನಮ್ಮ ಮನೆಗಳಲ್ಲೂ ಬಹುಕಾಲ ಇದ್ದದ್ದು ಹೊರಗೆ ತಗಡು ಇಲ್ಲವೇ ಪ್ಲಾಸ್ಟಿಕ್, ಒಳಗೆ ಗಾಜಿನ ರೀಫಿಲ್ ಇದ್ದ ಫ್ಲಾಸ್ಕ್‌ಗಳೇ. ಬಾಣಂತಿಗೆ ಬಿಸಿನೀರು, ಆಸ್ಪತ್ರೆಯಲ್ಲಿದ್ದವರಿಗೆ ಕಾಫಿ ಕಾಯುತ್ತಿದ್ದದ್ದು ಅವು.

ಗಾಳಿ ತೆಗೆದರೆ ಶಾಖ ದಾಟುವುದಿಲ್ಲ ಎಂಬಷ್ಟು ಎಲ್ಲರಿಗೂ ಗೊತ್ತು. ಎಷ್ಟು ತೆಗೆಯಬೇಕು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ, ಇಡೀ ವಿಷಯದ ಕೀಲಿ ಇರುವುದು ಅಲ್ಲೇ. ಅರ್ಧ ಗಾಳಿ ತೆಗೆದರೆ ಅರ್ಧ ಶಾಖ ನಿಲ್ಲುತ್ತದೆ ಎಂದು ನಮಗೆ ತೋರುತ್ತದೆ. ಹಾಗಾಗುವುದಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಭಾಗ ತೆಗೆದರೂ ಗಾಳಿಯ ಶಾಖವಹನ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತು ಕೊಡವನ್ನು ಕೈಯಿಂದ ಕೈಗೆ ದಾಟಿಸುವ ಜನರನ್ನು ನೆನೆಸಿಕೊಳ್ಳಿ. ಸಾಲಿನಿಂದ ಅರ್ಧ ಜನ ಎದ್ದು ಹೋದರೆ ಉಳಿದವರು ಒಬ್ಬೊಬ್ಬರೂ ಎರಡರಷ್ಟು ದೂರ ನಡೆದು ಕೊಡ ಕೊಡುತ್ತಾರೆ. ಮನೆಗೆ ಬರುವ ನೀರು ಕಡಿಮೆಯಾಗುವುದಿಲ್ಲ. ಒಬ್ಬೊಬ್ಬರೂ ಬಾವಿಯಿಂದ ಮನೆಯವರೆಗೆ ಪೂರ್ತಿ ತಾವೇ ನಡೆಯುವ ಸ್ಥಿತಿ ಬಂದ ಮೇಲೆ ಮಾತ್ರ, ಆಮೇಲೆ ಹೊರಟುಹೋದ ಪ್ರತಿಯೊಬ್ಬನ ಪಾಲಿನ ನೀರು ನಿಲ್ಲುತ್ತದೆ. ಗಾಳಿಯ ಅಣುಗಳೂ ಹೀಗೆಯೇ. ಸಾಮಾನ್ಯ ಒತ್ತಡದಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿಯಾಗುವ ಮುನ್ನ ಸಾಗುವ ದೂರ ಒಂದು ಮಿಲಿಮೀಟರಿನ ಹದಿನಾಲ್ಕು ಸಾವಿರದಲ್ಲೊಂದು ಭಾಗ. ಬಾಟಲಿಯ ಗೋಡೆಗಳ ನಡುವಿನ ಸಂದು ಸುಮಾರು ಮೂರು ಮಿಲಿಮೀಟರ್. ಒಂದು ಅಣು ಯಾರಿಗೂ ಡಿಕ್ಕಿಯಾಗದೆ ಈ ಗೋಡೆಯಿಂದ ಆ ಗೋಡೆಗೆ ಹೋಗಬೇಕಾದರೆ ಗಾಳಿಯನ್ನು ನಲವತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಸಬೇಕು. ನಿಜವಾದ ತಡೆ ಶುರುವಾಗುವುದೇ ಅಲ್ಲಿಂದ. ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸಿದರೆ ಆಗ ಗಾಳಿ ಸಾಗಿಸುವ ಶಾಖ ಲೆಕ್ಕಕ್ಕೆ ಬಾರದಷ್ಟಾಗುತ್ತದೆ.

ಇದರಿಂದ ಒಂದು ಗಟ್ಟಿ ತೀರ್ಮಾನ ಸಿಗುತ್ತದೆ. ನಿರ್ವಾತದಲ್ಲಿ "ಸುಮಾರಾಗಿದೆ" ಎಂಬ ದರ್ಜೆಗೆ ಹೆಚ್ಚು ಜಾಗವಿಲ್ಲ. ಕಣ್ಣಿಗೆ ಕಾಣದ ಬಿರುಕಿನಿಂದ ತುಸುವೇ ಗಾಳಿ ಒಳಹೊಕ್ಕರೂ ಬಾಟಲಿ ಸತ್ತಂತೆ. ಹೊರಗಿನಿಂದ ನೋಡಲು ಅದೇ ಸ್ಟೀಲ್, ಅದೇ ತೂಕ, ಅದೇ ಹೊಳಪು.

ಅಷ್ಟು ಶುದ್ಧ ಖಾಲಿತನವನ್ನು ಕಾರ್ಖಾನೆಯಲ್ಲಿ ಹೇಗೆ ತರುತ್ತಾರೆ ಎಂಬುದನ್ನು ತಿಳಿದರೆ, ಬಾಟಲಿಯ ಯಾವ ಭಾಗವನ್ನು ಜೋಪಾನ ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ. ಒಳಗಿನ ಮತ್ತು ಹೊರಗಿನ ಎರಡು ಚಿಪ್ಪುಗಳನ್ನು ಬಾಯಿಯ ಅಂಚಿನಲ್ಲಿ ಬೆಸೆಯುತ್ತಾರೆ. ಒಳ್ಳೆಯ ಬಾಟಲಿಯಲ್ಲಿ ಒಳಚಿಪ್ಪಿನ ಹೊರಮೈಗೆ ತಾಮ್ರದ ಲೇಪ ಇಲ್ಲವೇ ಲೋಹದ ತೆಳು ಹಾಳೆಯ ಸುತ್ತು ಇರುತ್ತದೆ. ನಿರ್ವಾತವನ್ನೂ ದಾಟಿ ಹೋಗಬಲ್ಲ ಶಾಖ ವಿಕಿರಣ ಒಂದೇ, ಅದನ್ನು ತಡೆಯುವುದು ಈ ಲೇಪ. ಹೊರಚಿಪ್ಪಿನ ತಳದ ನಡುವೆ ಒಂದು ಸಣ್ಣ ಗುಳಿ, ಅದರಲ್ಲಿ ಸೂಜಿಮೊನೆಯಷ್ಟು ತೂತು, ತೂತಿನ ಪಕ್ಕದಲ್ಲಿ ಬೇಗ ಕರಗುವ ಗಾಜಿನ ಗುಂಡು. ಬಾಟಲಿಗಳನ್ನು ನಿರ್ವಾತ ಕುಲುಮೆಗೆ ಸೇರಿಸಿ, ಗಾಳಿಯನ್ನೆಲ್ಲ ಹೀರಿ, ಐನೂರು ಡಿಗ್ರಿಯ ಆಸುಪಾಸಿಗೆ ಕಾಯಿಸಿದಾಗ ಆ ಗಾಜು ಕರಗಿ ತೂತನ್ನು ಮುಚ್ಚುತ್ತದೆ. ಸ್ಟೀಲಿನ ಒಡಲಿನಿಂದ ವರ್ಷಗಳ ಕಾಲ ಹೈಡ್ರೋಜನ್ ನಿಧಾನವಾಗಿ ಹೊರಬರುತ್ತಲೇ ಇರುತ್ತದೆ. ಅದನ್ನು ಹೀರಿಕೊಳ್ಳಲು ಸಂದಿನೊಳಗೆ ಜಿರ್ಕೋನಿಯಂ ಬೆರೆಸಿದ ಸಣ್ಣ ಬಿಲ್ಲೆಯೊಂದನ್ನು ಇಟ್ಟಿರುತ್ತಾರೆ. ತಳಕ್ಕೆ ಮೇಲೊಂದು ತಟ್ಟೆ ಅಂಟಿಸಿ ಆ ಗುಳಿಯನ್ನು ಮರೆಮಾಡುತ್ತಾರೆ. ಬಾಟಲಿಯ ಜೀವವೆಲ್ಲ ಆ ಗಾಜಿನ ಹನಿಯಲ್ಲಿ ಮತ್ತು ಬಾಯಿಯ ಬೆಸುಗೆಯಲ್ಲಿದೆ. ಬಾಟಲಿ ತಳ ಊರಿ ಕಾಂಕ್ರೀಟ್ ಮೇಲೆ ಬಿದ್ದರೆ ಪೆಟ್ಟಾಗುವುದು ಆ ಹನಿಗೆ. ನೀರು ತುಂಬಿ ಫ್ರೀಜರಿನಲ್ಲಿಟ್ಟರೆ ಉಬ್ಬುವ ಮಂಜುಗಡ್ಡೆ ಒಳಗೋಡೆಯನ್ನು ತಳ್ಳುತ್ತದೆ. ಒಲೆಯ ಮೇಲಿಟ್ಟರೆ ಕೇಳುವುದೇ ಬೇಡ. ಒಮ್ಮೆ ಗಾಳಿ ಹೊಕ್ಕರೆ ಮನೆಯಲ್ಲಾಗಲಿ ರಿಪೇರಿ ಅಂಗಡಿಯಲ್ಲಾಗಲಿ ಅದನ್ನು ಹೊರತೆಗೆಯುವ ದಾರಿ ಇಲ್ಲ.

ಸಂದು ಇಷ್ಟು ಪಕ್ಕಾ ಇದ್ದ ಮೇಲೂ ಬಾಟಲಿ ಆರುತ್ತದೆ. ಬಿಸಿ ಹೋಗುವ ದಾರಿ ಯಾವುದು? ಸ್ಟೀಲೇ. ಬಾಯಿಯ ಹತ್ತಿರ ಒಳಗೋಡೆಯೂ ಹೊರಗೋಡೆಯೂ ಒಂದಾಗುತ್ತವೆ. ಅಲ್ಲಿ ನಿರ್ವಾತ ಇಲ್ಲ, ಲೋಹದ ನೇರ ಸೇತುವೆ ಇದೆ. ಒಳ್ಳೆಯ ಅರ್ಧ ಲೀಟರ್ ಬಾಟಲಿಗೆ ಕುದಿನೀರು ತುಂಬಿದಾಗ ಮೊದಮೊದಲು ಹೊರಹೋಗುವ ಶಾಖ ಒಟ್ಟು ಸುಮಾರು ಮೂರು ವಾಟ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಈ ಕೊರಳಿನಿಂದ ಮತ್ತು ಮುಚ್ಚಳದಿಂದ. ಹಾಗಾಗಿ "ದಪ್ಪ ಸ್ಟೀಲ್, ಭಾರ ಇದೆ, ಹೆಚ್ಚು ಹೊತ್ತು ಇರುತ್ತೆ" ಎಂಬ ಮಾತು ತಲೆಕೆಳಗಾದದ್ದು. ಕೊರಳಿನ ಸ್ಟೀಲ್ ದಪ್ಪವಾದಷ್ಟೂ ಸೋರಿಕೆ ಹೆಚ್ಚು. ತಿಳಿದ ತಯಾರಕರು ಕೊರಳನ್ನು ಬೇಕೆಂದೇ ತೆಳ್ಳಗೆ ಮಾಡುತ್ತಾರೆ. ಬಾಯಿ ಅಗಲವಾದಷ್ಟೂ ಸೇತುವೆ ಅಗಲವಾಗುತ್ತದೆ, ಮುಚ್ಚಳವೂ ದೊಡ್ಡದಾಗುತ್ತದೆ. ಮಂಜುಗಡ್ಡೆ ತುಂಡು ಹಾಕಲು ಅಗಲ ಬಾಯಿ ಅನುಕೂಲ, ಆದರೆ ಬಿಸಿ ಕಾಫಿಗೆ ಕಿರಿದಾದ ಬಾಯಿಯೇ ಸರಿ. ಹಳೆಯ ಗಾಜಿನ ರೀಫಿಲ್‌ನ ಕೊರಳು ಈ ವಿಷಯದಲ್ಲಿ ಸ್ಟೀಲ್‌ಗಿಂತ ಮೇಲು, ಏಕೆಂದರೆ ಗಾಜು ಸಾಗಿಸುವ ಶಾಖ ಸ್ಟೀಲಿನ ಹದಿನಾರರಲ್ಲಿ ಒಂದು ಭಾಗದಷ್ಟು. ಗಾಜಿನಿಂದ ಸ್ಟೀಲ್‌ಗೆ ಬಂದದ್ದು ಬಿದ್ದರೆ ಒಡೆಯದಿರಲಿ ಎಂದು. ಹೆಚ್ಚು ಬಿಸಿ ಇರಲಿ ಎಂದು ಯಾರೂ ಬರಲಿಲ್ಲ.

ಇಷ್ಟು ತಿಳಿದ ಮೇಲೆ ಲೇಬಲ್ ಮೇಲಿನ "24 ಗಂಟೆ ಬಿಸಿ, 24 ಗಂಟೆ ತಂಪು" ಎಂಬ ಘೋಷಣೆಯನ್ನು ಪರೀಕ್ಷಿಸಬಹುದು. ಒಂದು ಸುಲಭ ಅಳತೆಗೋಲು ಇಟ್ಟುಕೊಳ್ಳೋಣ. ಒಳ್ಳೆಯ ಅರ್ಧ ಲೀಟರ್ ನಿರ್ವಾತ ಬಾಟಲಿಯಲ್ಲಿ ಒಳಗಿನ ಮತ್ತು ಹೊರಗಿನ ತಾಪಮಾನದ ಅಂತರ ಗಂಟೆಗೆ ಸುಮಾರು ಶೇಕಡಾ 7ರಷ್ಟು ಕಡಿಮೆಯಾಗುತ್ತದೆ. ಅದೇ ಗಾತ್ರದ ಪ್ಲಾಸ್ಟಿಕ್ ಬಾಟಲಿಯಲ್ಲಿ ಗಂಟೆಗೆ ಸುಮಾರು ಅರ್ಧದಷ್ಟು ಹೋಗುತ್ತದೆ. ಬಣ್ಣ ಬಳಿದ ಒಂದೇ ಪದರದ ಸ್ಟೀಲಿನದೂ ಅದೇ ಗತಿ.

ರಾಯಚೂರಿನ ಮೇ ತಿಂಗಳ ಒಂದು ಹಗಲನ್ನು ತೆಗೆದುಕೊಳ್ಳಿ. ನೆರಳಿನಲ್ಲೇ 42 ಡಿಗ್ರಿ. ಫ್ರಿಜ್‌ನಿಂದ ತೆಗೆದ 5 ಡಿಗ್ರಿಯ ನೀರನ್ನು ಎರಡರಲ್ಲೂ ತುಂಬಿದರೆ ಅಂತರ 37 ಡಿಗ್ರಿ. ಒಂದು ಗಂಟೆಯ ನಂತರ ಪ್ಲಾಸ್ಟಿಕ್‌ನಲ್ಲಿ 24, ಎರಡು ಗಂಟೆಯ ನಂತರ 33. ಊಟದ ಹೊತ್ತಿಗೆ ಅದು ನಲ್ಲಿ ನೀರೇ. ನಿರ್ವಾತ ಬಾಟಲಿಯಲ್ಲಿ ಒಂದು ಗಂಟೆಗೆ 8ರ ಸಮೀಪ, ಆರು ಗಂಟೆಗೆ 18. ಇದು ನಿಜವಾದ ಉಪಕಾರ. ಬಿಸಿಲಲ್ಲಿ ಬೈಕ್ ಮೇಲೆ ಸಾಮಾನು ತಲುಪಿಸುವವರಿಗೆ, ರಸ್ತೆ ಕೆಲಸದವರಿಗೆ ಈ ಹದಿನೆಂಟು ಡಿಗ್ರಿಯ ಬೆಲೆ ಗೊತ್ತು. ಆದರೆ ಇಪ್ಪತ್ತನಾಲ್ಕು ಗಂಟೆಯ ನಂತರ? ಹೊರಗಿನ ತಾಪ ಅಷ್ಟೇ ಇದ್ದರೆ ಅದೇ ಒಳ್ಳೆಯ ಬಾಟಲಿಯಲ್ಲೂ ನೀರು 35 ಡಿಗ್ರಿ ಮುಟ್ಟಿರುತ್ತದೆ. ಅದನ್ನು ತಂಪು ಎನ್ನಲು ಯಾರಿಗೂ ಬಾಯಿ ಬಾರದು. ಮಂಜುಗಡ್ಡೆ ಹಾಕಿದರೆ ಲೆಕ್ಕ ಬೇರೆ: 150 ಗ್ರಾಂ ಮಂಜು ಈ ಬಿಸಿಲಲ್ಲಿ ಪೂರ್ತಿ ಕರಗಲು ಸುಮಾರು ಎಂಟು ಗಂಟೆ, 20 ಡಿಗ್ರಿಯ ತಂಪು ಕೋಣೆಯಲ್ಲಾದರೆ ಹದಿನೇಳು ಗಂಟೆ. ಎಷ್ಟು ಮಂಜು, ಯಾವ ಕೋಣೆ, ಯಾವ ಗಾತ್ರದ ಬಾಟಲಿ ಎಂದು ಹೇಳದೆ "24 ಗಂಟೆ" ಎಂದು ಬರೆಯುವುದು ಏನನ್ನೂ ಹೇಳಿದಂತಲ್ಲ.

ಚಳಿಗೂ ಇದೇ ಅಳತೆ. ಮಡಿಕೇರಿಯಲ್ಲಿ ಡಿಸೆಂಬರ್ ಮುಂಜಾನೆ 14 ಡಿಗ್ರಿ ಇರುವಾಗ 95 ಡಿಗ್ರಿಯ ನೀರು ತುಂಬಿ ತೋಟಕ್ಕೆ ಹೊರಟವರಿಗೆ ಪ್ಲಾಸ್ಟಿಕ್‌ನಲ್ಲಿ ಒಂದು ಗಂಟೆಯಲ್ಲಿ ಸಿಗುವುದು 54ರ ನೀರು, ಎರಡು ಗಂಟೆಯಲ್ಲಿ 34ರ ನೀರು. ನಿರ್ವಾತ ಬಾಟಲಿಯಲ್ಲಿ ಆರು ಗಂಟೆಯ ನಂತರವೂ 66. ಇದಕ್ಕೂ ಎರಡು ಷರತ್ತುಗಳಿವೆ. ಚಳಿಯಲ್ಲಿ ತಣ್ಣಗಿರುವ ಒಳಚಿಪ್ಪು ಸುರಿದ ಕೂಡಲೇ ಸುಮಾರು ಎರಡು ಡಿಗ್ರಿ ನುಂಗುತ್ತದೆ, ಆದ್ದರಿಂದ ಮೊದಲು ಸ್ವಲ್ಪ ಕುದಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಬೇಕು. ಎರಡನೆಯದಾಗಿ ಬಾಟಲಿ ತುಂಬಿರಬೇಕು. ಅರ್ಧ ತುಂಬಿದ ಬಾಟಲಿಯಲ್ಲಿ ಸೋರುವ ದಾರಿಗಳೆಲ್ಲ ಅಷ್ಟೇ ಇದ್ದು ಕಾಯುವ ನೀರು ಮಾತ್ರ ಅರ್ಧವಾಗಿರುವುದರಿಂದ ಅದು ಇಮ್ಮಡಿಯ ಹತ್ತಿರ ವೇಗದಲ್ಲಿ ಆರುತ್ತದೆ. ಹಾಲು ಬೆರೆತ ಕಾಫಿ, ಟೀ ಆದರೆ ಬಿಸಿ ಇಳಿಯುವ ಮೊದಲೇ ಕುಡಿದು ಮುಗಿಸಬೇಕು. ಅರವತ್ತು ಡಿಗ್ರಿಗಿಂತ ಕೆಳಗಿಳಿದು ಗಂಟೆಗಟ್ಟಲೆ ಬೆಚ್ಚಗೆ ಉಳಿಯುವ ಹಾಲು ಸೂಕ್ಷ್ಮಜೀವಿಗಳಿಗೆ ಒಳ್ಳೆಯ ಜಾಗ, ಅದು ಬೇಗ ಆರದಂತೆ ನೋಡಿಕೊಳ್ಳುವುದು ಇದೇ ಬಾಟಲಿ.

ಇನ್ನು ಪ್ಲಾಸ್ಟಿಕ್ ಮೇಲಿನ ಆರೋಪಕ್ಕೆ ಬರೋಣ. ಕುದಿನೀರನ್ನು ತೆಳು ಪೆಟ್ ಬಾಟಲಿಗೆ ಸುರಿಯಬಾರದು, ಇದರಲ್ಲಿ ಎರಡು ಮಾತಿಲ್ಲ. ಎಪ್ಪತ್ತು ಡಿಗ್ರಿ ದಾಟಿದರೆ ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ. ಅದರ ತಯಾರಿಕೆಯಲ್ಲಿ ಬಳಸಿದ ಆಂಟಿಮೊನಿ ಬಿಸಿಯಲ್ಲಿ ನೀರಿಗೆ ಹೆಚ್ಚು ಇಳಿಯುತ್ತದೆ. ತಳದಲ್ಲಿ ತ್ರಿಕೋನದೊಳಗೆ 1 ಎಂದಿದ್ದರೆ ಅದು ಪೆಟ್. 5 ಎಂದಿದ್ದರೆ ಪಾಲಿಪ್ರೊಪಿಲೀನ್, ಬಿಸಿ ತಡೆದುಕೊಳ್ಳುವ ಬಗೆ. ಈ ಆರೋಗ್ಯದ ಕಾರಣಕ್ಕೆ, ಬಾಳಿಕೆಯ ಕಾರಣಕ್ಕೆ, ಕಸ ಕಡಿಮೆಯಾಗಲಿ ಎಂಬ ಕಾರಣಕ್ಕೆ ಒಂದೇ ಪದರದ ಸ್ಟೀಲ್ ಬಾಟಲಿಯನ್ನು ಆರಿಸಿಕೊಳ್ಳುವವರೊಂದಿಗೆ ನನಗೆ ಜಗಳವಿಲ್ಲ. ನನ್ನ ಜಗಳ ಆ ಒಳ್ಳೆಯ ಕಾರಣಗಳ ಬೆನ್ನಿಗೆ ತಾಪಮಾನದ ಸುಳ್ಳನ್ನೂ ಕಟ್ಟಿ ಮಾರುವುದರ ಜೊತೆ.

ತಾಪಮಾನದ ಪ್ರಶ್ನೆಯಲ್ಲಿ ಪ್ಲಾಸ್ಟಿಕ್ ಗೆಲ್ಲುವ ಸಂದರ್ಭಗಳೂ ಇವೆ. ಹೊಲಕ್ಕೆ, ಮದುವೆಮನೆಗೆ ಒಯ್ಯುವ ಐದು ಲೀಟರಿನ ಪ್ಲಾಸ್ಟಿಕ್ ಜಗ್ ನೋಡಿ. ಅದರ ಎರಡು ಗೋಡೆಗಳ ನಡುವೆ ಒಂದೂವರೆ ಸೆಂಟಿಮೀಟರ್ ದಪ್ಪದ ಫೋಮ್ ಇರುತ್ತದೆ. ಫೋಮ್ ನಿರ್ವಾತದಷ್ಟು ಸಮರ್ಥವಲ್ಲ. ಆದರೆ ಐದು ಲೀಟರ್ ನೀರು ಒಂದೇ ಕಡೆ ಇರುವಾಗ ನೀರಿನ ಪ್ರಮಾಣಕ್ಕೆ ಹೋಲಿಸಿದರೆ ಹೊರಮೈ ಕಡಿಮೆ. ಮುಚ್ಚಳ ಬಿಗಿಯಾಗಿದ್ದರೆ ಆ ಜಗ್ ಅರ್ಧ ಲೀಟರಿನ ದುಬಾರಿ ನಿರ್ವಾತ ಬಾಟಲಿಗೆ ಸರಿಸಮನಾಗಿ ತಂಪು ಕಾಯುತ್ತದೆ. ಹತ್ತು ಜನ ಕೂಲಿಯವರಿರುವ ಕಡೆ ಒಬ್ಬೊಬ್ಬರಿಗೂ ಸ್ಟೀಲ್ ಬಾಟಲಿ ಕೊಡಿಸುವುದಕ್ಕಿಂತ ಅಂಥ ಎರಡು ಜಗ್ ಇಡುವುದು ಶಾಖದ ಲೆಕ್ಕದಲ್ಲೂ ಬುದ್ಧಿವಂತಿಕೆ.

ಇನ್ನೊಂದು ಸಂದರ್ಭ ಒಣ ಸೆಕೆಯದು. ಕಲಬುರಗಿ, ರಾಯಚೂರು ಕಡೆ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ತೂಗುಹಾಕುವುದನ್ನು ಹಳೆಯ ಕಾಲದ ಉಪಾಯವೆಂದು ತಳ್ಳಿಹಾಕುವವರಿದ್ದಾರೆ. ಹೊರಗೆ 42 ಡಿಗ್ರಿ ಇದ್ದು ಗಾಳಿಯ ತೇವಾಂಶ ಶೇಕಡಾ 20 ಇದ್ದರೆ, ನೆರಳಿನಲ್ಲಿ ಗಾಳಿಯಾಡುವ ಒದ್ದೆ ಬಟ್ಟೆ 24 ಡಿಗ್ರಿಯ ಸಮೀಪಕ್ಕೆ ಇಳಿಯಬಲ್ಲದು. ಅದರೊಳಗಿನ ಪ್ಲಾಸ್ಟಿಕ್ ಬಾಟಲಿಯ ನೀರೂ ಅತ್ತಲೇ ಇಳಿಯುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ 34 ಡಿಗ್ರಿಯ ತೊಟ್ಟಿ ನೀರನ್ನು ನಿರ್ವಾತ ಬಾಟಲಿಗೆ ತುಂಬಿದರೆ ಅದು ಸಂಜೆಯವರೆಗೂ ಹೆಚ್ಚುಕಡಿಮೆ ಆ 34ನ್ನೇ ಕಾಪಾಡುತ್ತದೆ. ಆ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿದರೂ ಪ್ರಯೋಜನವಿಲ್ಲ, ತಂಪು ಒಳಗೆ ಹೋಗಲು ನಿರ್ವಾತ ಬಿಡುವುದಿಲ್ಲ. ನಿರ್ವಾತ ಯಾವುದನ್ನೂ ತಂಪು ಮಾಡುವುದಿಲ್ಲ, ಬಿಸಿಯೂ ಮಾಡುವುದಿಲ್ಲ, ಕೊಟ್ಟದ್ದನ್ನು ಕಾಯುತ್ತದೆ. ತಂಪು ನೀರು ತುಂಬಲು ಇಲ್ಲದವರಿಗೆ ಅದು ಉತ್ತರವಲ್ಲ. ಶಾಲೆಯಲ್ಲಿ ಶುದ್ಧ ನೀರಿನ ನಲ್ಲಿ ಇದ್ದು, ಸಾಧಾರಣ ತಾಪಮಾನದ ನೀರನ್ನೇ ಕುಡಿಯುವ ಮಗುವಿಗೂ ಅದು ಉತ್ತರವಲ್ಲ. ಅರ್ಧ ಲೀಟರಿನ ಎರಡು ಗೋಡೆಯ ಬಾಟಲಿ ಖಾಲಿಯಾಗಿರುವಾಗಲೇ ಸುಮಾರು ಮುನ್ನೂರು ಗ್ರಾಂ ತೂಗುತ್ತದೆ; ಆ ಭಾರಕ್ಕೆ ಒಂದು ಕೆಲಸ ಇರಬೇಕು.

ಹಾಗಾದರೆ ಕೊಳ್ಳುವವರು ಏನು ಮಾಡಬೇಕು? ಕೈಯಲ್ಲಿ ತೂಗಿ, ಬೆರಳಿನಿಂದ ಬಡಿದು, ಅಯಸ್ಕಾಂತ ಹಿಡಿದು ನೋಡುವುದನ್ನು ಬಿಡಬೇಕು. ನಿರ್ವಾತವನ್ನು ಪರೀಕ್ಷಿಸಲು ಒಂದು ಲೋಟ ಕುದಿನೀರು, ಹತ್ತು ನಿಮಿಷ ಸಾಕು. ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಿ, ಹತ್ತು ನಿಮಿಷ ಬಿಟ್ಟು ಹೊರಮೈಯನ್ನು ಮೇಲಿನಿಂದ ಕೆಳಗೆ ಅಂಗೈಯಿಂದ ಸವರಬೇಕು. ಬಾಯಿಯ ಅಂಚು ಬೆಚ್ಚಗಾಗುವುದು ಸಹಜ, ಅಲ್ಲಿ ಲೋಹದ ಸೇತುವೆ ಇದೆ. ಮೈಯೆಲ್ಲ ತಣ್ಣಗಿದ್ದರೆ ನಿರ್ವಾತ ಇದೆ. ಮೈ ಬೆಚ್ಚಗಾದರೆ, ಒಂದು ಕಡೆ ಮಾತ್ರವೇ ಆದರೂ, ಬಾಟಲಿ ಸತ್ತಿದೆ ಅಥವಾ ಒಳಗೋಡೆ ಹೊರಗೋಡೆಗೆ ತಾಗಿದೆ. ಮನೆಯಲ್ಲಿರುವ ಹಳೆಯ ಬಾಟಲಿಗೂ ಇದೇ ಪರೀಕ್ಷೆ. ಮಂಗಳೂರು, ಉಡುಪಿಯ ತೇವದ ಹವೆಯಲ್ಲಿ ಇನ್ನೂ ಸುಲಭ: ಮಂಜುನೀರು ತುಂಬಿದ ಬಾಟಲಿಯ ಮೈ ಬೆವರಿದರೆ ಅದರ ಆಯುಸ್ಸು ಮುಗಿದಿದೆ. ಸತ್ತ ಬಾಟಲಿ ಮನೆಯ ನೀರು ಕುಡಿಯಲು ಆದೀತು, ಬಿಸಿಗೂ ತಂಪಿಗೂ ಆಗದು. ಪರೀಕ್ಷೆಯಲ್ಲಿ ಮೈ ತಣ್ಣಗಿದ್ದೂ ನೀರು ಬೇಗ ಆರುತ್ತಿದ್ದರೆ ದೋಷ ಮುಚ್ಚಳದ್ದು. ಸವೆದ ರಬ್ಬರ್ ವಾಷರ್ ಬದಲಿಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಮಾರುವವರಿಂದ ನಾವು ಕೇಳಬೇಕಾದದ್ದೂ ಒಂದಿದೆ. ಜಪಾನಿನಲ್ಲಿ ನಿರ್ವಾತ ಬಾಟಲಿಯ ಮೇಲೆ, 95 ಡಿಗ್ರಿಯ ನೀರು ತುಂಬಿ 20 ಡಿಗ್ರಿಯ ಕೋಣೆಯಲ್ಲಿ ಇಟ್ಟರೆ ಆರು ಗಂಟೆಯ ನಂತರ ಎಷ್ಟು ಡಿಗ್ರಿ ಉಳಿಯುತ್ತದೆ ಎಂದು ಅಚ್ಚು ಹಾಕುವ ಪದ್ಧತಿ ಇದೆ. ಒಳ್ಳೆಯ ಅರ್ಧ ಲೀಟರ್ ಬಾಟಲಿಗೆ ಆ ಅಂಕಿ 68ರ ಆಸುಪಾಸು. ಒಂದೇ ಅಂಕಿಯಲ್ಲಿ ನಿರ್ವಾತದ ಗುಣ, ಕೊರಳಿನ ಅಗಲ, ಮುಚ್ಚಳದ ಬಿಗಿ ಎಲ್ಲವೂ ಬಯಲಾಗುತ್ತದೆ, ಎರಡು ಬಾಟಲಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದು. ಗಂಟೆಗಳ ಘೋಷಣೆ ಬೇಡ, ಆರು ಗಂಟೆಯ ನಂತರದ ಡಿಗ್ರಿ ಹೇಳಿ ಎಂದು ಅಂಗಡಿಯಲ್ಲಿ ಪ್ರತಿಯೊಬ್ಬರೂ ಕೇಳಬೇಕು. ಉತ್ತರ ಬರದಿದ್ದರೆ ಆ ಬಾಟಲಿಯನ್ನು ಅಲ್ಲೇ ಇಟ್ಟು ಬರಬೇಕು, ಅದು ಎಷ್ಟೇ ಹೊಳೆಯಲಿ, ಎಷ್ಟೇ ಭಾರವಿರಲಿ.